ಅರ್ಧ ದುಡ್ಡು ಅಡ್ವಾನ್ಸ್ ಕೇಳುವ ಸಪ್ಲೈಯರ್‌ಗೆ ನಿಜವಾಗಿ ಬೇಕಾಗಿರುವುದು ಏನು?

ಪ್ರಶ್ನೆ: ಬೊಮ್ಮಸಂದ್ರದಲ್ಲಿ ನಮ್ಮದು ಕಂಟ್ರೋಲ್ ಪ್ಯಾನೆಲ್ ಮಾಡುವ ಸಣ್ಣ ಕಂಪನಿ. ಪೀಣ್ಯದ ಒಬ್ಬರಿಂದ ಆರು ವರ್ಷದಿಂದ ಶೀಟ್ ಮೆಟಲ್ ಬಾಕ್ಸ್ ತಗೊಳ್ತಾ ಇದ್ದೀವಿ. ಈಗ ದಿಢೀರಂತ ‘ಆರ್ಡರ್ ಜೊತೆಗೇ ಅರ್ಧ ದುಡ್ಡು ಅಡ್ವಾನ್ಸ್ ಕೊಡಿ, ಎಲ್ಲಾ ಐಟಂಗೂ 8 ಪರ್ಸೆಂಟ್ ರೇಟ್ ಜಾಸ್ತಿ ಮಾಡಿ, ಇಲ್ಲಾಂದ್ರೆ ಮಾಲು ಬರಲ್ಲ’ ಅಂತಿದ್ದಾರೆ. ಐದು ಸಲ ‘ಯಾಕೆ’ ಅಂತ ಕೇಳಿದ್ರೆ ಒಳಗಿನ ಕಾರಣ ಹೊರಗೆ ಬರುತ್ತೆ ಅಂತ ಯಾರೋ ಹೇಳಿದ್ರು. ಕೇಳಿದೆ. ಎರಡನೇ ಸಲಕ್ಕೇ ‘ನಾನೇನು ಕಳ್ಳನಾ?’ ಅಂತ ಫೋನ್ ಇಟ್ಟರು. ಹೇಗೆ ಕೇಳಬೇಕು?

ಉತ್ತರ: ಈ ಐದು ‘ಯಾಕೆ’ ಬಂದಿದ್ದು ಜಪಾನಿನ ಟೊಯೋಟಾದಿಂದ. ಅಲ್ಲಿ ಅದನ್ನು ಬಳಸಿದ್ದು ಯಂತ್ರ ಯಾಕೆ ನಿಂತಿತು ಎಂದು ಪತ್ತೆ ಮಾಡುವುದಕ್ಕೆ. ಫ್ಯೂಸ್ ಯಾಕೆ ಹೋಯಿತು, ಬೇರಿಂಗ್ ಯಾಕೆ ಬಿಗಿಯಾಯಿತು, ಎಣ್ಣೆ ಯಾಕೆ ತಲುಪಲಿಲ್ಲ, ಹೀಗೆ. ಯಂತ್ರಕ್ಕೆ ಮಾನ ಮರ್ಯಾದೆಯ ಚಿಂತೆ ಇಲ್ಲ. ನಿಮ್ಮ ಸಪ್ಲೈಯರ್‌ಗೆ ಇದೆ. ಫೋನಿನಲ್ಲಿ, ಅದೂ ಗಿರಾಕಿಯ ಬಾಯಿಂದ ಎರಡು ಸಲ ‘ಯಾಕೆ’ ಕೇಳಿದಾಗ ಅವರಿಗೆ ಅದು ವಿಚಾರಣೆಯ ಥರ ಕಂಡಿದೆ. ಹಾಗಾಗಿ ಪ್ರಶ್ನೆಯ ಆಳ ಹಾಗೇ ಇರಲಿ, ರೂಪ ಮಾತ್ರ ಬದಲಾಗಲಿ. ‘ಯಾವಾಗಿಂದ?’, ‘ಆ ತಿಂಗಳು ಏನಾಯಿತು?’, ‘ಇದು ಸಿಗದಿದ್ದರೆ ಮೊದಲು ಯಾವ ಕೆಲಸ ನಿಲ್ಲುತ್ತೆ?’ ಎಂದು ಕೇಳಿ. ಇವೂ ಕಾರಣವನ್ನೇ ಕೇಳುವ ಪ್ರಶ್ನೆಗಳು. ಆದರೆ ಇವಕ್ಕೆ ಉತ್ತರ ಕೊಡಲು ಯಾರೂ ತಮ್ಮನ್ನು ಸಮರ್ಥಿಸಿಕೊಳ್ಳಬೇಕಿಲ್ಲ. ನಡೆದದ್ದನ್ನು ಹೇಳಿದರೆ ಸಾಕು.

ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯ ಇದೆ. ಸಪ್ಲೈಯರ್ ಬೇಡಿಕೆಯ ಹಿಂದಿನ ಕಾರಣ ಎಷ್ಟೋ ಸಲ ಅಡಗಿ ಕೂತಿರುವುದು ಅದು ನಿಮ್ಮ ಮೇಲಿನ ದೂರು ಅನ್ನೋ ಕಾರಣಕ್ಕೆ. ‘ಅಡ್ವಾನ್ಸ್ ಕೊಡಿ’ ಅನ್ನುವುದು ವ್ಯಾಪಾರದ ಮಾತು. ‘ನೀವು ಹೇಳಿದ ದಿನಕ್ಕೆ ದುಡ್ಡು ಕೊಡಲ್ಲ’ ಅನ್ನುವುದು ಜಗಳದ ಮಾತು. ಗಿರಾಕಿಯನ್ನು ಕಳಕೊಳ್ಳಲು ಇಷ್ಟವಿಲ್ಲದವರು ಮೊದಲನೆಯದನ್ನೇ ಆರಿಸಿಕೊಳ್ಳುತ್ತಾರೆ. ಆದ್ದರಿಂದ ಪ್ರಶ್ನೆಗಳ ಸರಪಳಿ ಅರ್ಧ ದಾರಿಯಲ್ಲಿ ನಿಮ್ಮ ಗೇಟಿನೊಳಗೆ ತಿರುಗಬಹುದು ಎಂದು ಗೊತ್ತಿದ್ದೇ ಹೊರಡಿ.

ಖರೀದಿದಾರರು ಮತ್ತು ಸಪ್ಲೈಯರ್‌ಗಳ ನಡುವೆ ಕೂತು ಮಾತಾಡಿಸುವುದು ನನ್ನ ಕೆಲಸ. ಅಂಥ ಒಂದು ಪ್ರಕರಣವನ್ನು ಬಿಡಿಸಿ ಹೇಳುತ್ತೇನೆ. ಲೆಕ್ಕ ಸುಲಭ ಆಗಲಿ ಎಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಒಂದು ಕಡೆ ಅಲ್ಯೂಮಿನಿಯಂ ಡೈಕಾಸ್ಟಿಂಗ್ ಮಾಡುವ ಪೀಣ್ಯದ ಸಣ್ಣ ಘಟಕ. ಇನ್ನೊಂದು ಕಡೆ ಅವರಿಂದ ಮೋಟಾರ್ ಕವರ್ ಕೊಳ್ಳುವ ಕಂಪನಿ. ತಿಂಗಳಿಗೆ ಸುಮಾರು 12 ಲಕ್ಷದ ವ್ಯವಹಾರ. ಬೇಡಿಕೆ ನಿಮ್ಮದೇ ಥರ: ಅರ್ಧ ಅಡ್ವಾನ್ಸ್, 8 ಪರ್ಸೆಂಟ್ ರೇಟ್ ಏರಿಕೆ.

ಕಂಪನಿಯವರು ‘ಕೊಡಲ್ಲ’ ಅಂದಿದ್ದರು. ಆಮೇಲೆ ‘25 ಪರ್ಸೆಂಟ್ ಕೊಡ್ತೀವಿ’ ಅಂದಿದ್ದರು. ಅಂದರೆ ತರಕಾರಿ ಚೌಕಾಸಿ ಶುರುವಾಗಿತ್ತು. ಅದನ್ನು ನಿಲ್ಲಿಸಿ, ಡೈಕಾಸ್ಟಿಂಗ್ ಘಟಕದ ಯಜಮಾನರ ಶೆಡ್‌ಗೇ ಹೋಗಿ ಕೂತೆವು. ಅವರ ಸೂಪರ್‌ವೈಸರ್ ಇರಲಿಲ್ಲ, ಕಂಪನಿಯ ಪರ್ಚೇಸ್ ಆಫೀಸರೂ ಇರಲಿಲ್ಲ. ಇದು ಬೇಕೆಂದೇ ಮಾಡಿದ್ದು. ಬ್ಯಾಂಕಿನ ವಿಷಯ, ಸಾಲದ ವಿಷಯ ತನ್ನ ಆಳುಗಳ ಎದುರು ಯಾರೂ ಬಾಯಿ ಬಿಡುವುದಿಲ್ಲ. ದಿನಾ ರೇಟಿಗೆ ಜಗ್ಗಾಡುವ ಆಫೀಸರ್ ಎದುರಂತೂ ಇಲ್ಲವೇ ಇಲ್ಲ.

ಮೊದಲ ಪ್ರಶ್ನೆಯನ್ನು ನಾನು ಯಾವಾಗಲೂ ಬೇಡಿಕೆಯೊಳಗಿನ ಅಂಕಿಯ ಮೇಲೆ ಇಡುತ್ತೇನೆ. ‘ಸಾರ್, ಅರ್ಧ ಅಂದಿದ್ದೀರಿ. ಮೂವತ್ತು ಪರ್ಸೆಂಟ್ ಬಂದ್ರೆ ಯಾವ ಕೆಲಸ ನಿಲ್ಲುತ್ತೆ?’ ಸುಮ್ನೆ ಒತ್ತಡ ಹಾಕಲು ಹೇಳಿದ ಅಂಕಿಯಾದರೆ ಇದಕ್ಕೆ ನಿಖರ ಉತ್ತರ ಇರುವುದಿಲ್ಲ. ಅವರಿಗೆ ಇತ್ತು. ‘ಇಂಗಾಟ್ ಬರಲ್ಲ. ನಿಮ್ಮ ಹನ್ನೆರಡು ಲಕ್ಷದ ಆರ್ಡರ್‌ಗೆ ಆರು ಲಕ್ಷದ ಇಂಗಾಟ್ ಬೇಕು. ಡೀಲರ್ ಈಗ ದುಡ್ಡು ಬೀಳದೆ ಲೋಡ್ ಮಾಡಲ್ಲ.’ ಅರ್ಧ ಅನ್ನುವುದು ಎಲ್ಲಿಂದ ಬಂತು ಎಂದು ಗೊತ್ತಾಯಿತಲ್ಲ. ಅವರು ಗಿರಾಕಿಯ ಹತ್ತಿರ ಸಾಲ ಕೇಳುತ್ತಿರಲಿಲ್ಲ, ಕಚ್ಚಾ ಮಾಲಿನ ಬಿಲ್ಲನ್ನು ಮುಂದೆ ದಾಟಿಸುತ್ತಿದ್ದರು.

ಎರಡನೇ ಪ್ರಶ್ನೆ: ‘ಡೀಲರ್ ಮೊದಲು ನಿಮಗೆ ಉದ್ರಿ ಕೊಡ್ತಿದ್ರಲ್ಲ, ಯಾವಾಗಿಂದ ನಿಲ್ಲಿಸಿದ್ರು?’ ‘ದೀಪಾವಳಿ ಆದ್ಮೇಲೆ. ಎರಡು ಪೇಮೆಂಟ್ ತಡ ಆಯ್ತು.’

ಮೂರನೆಯದು: ‘ಆ ಸುಮಾರಿಗೆ ಏನು ಬದಲಾಯ್ತು?’ ಇಲ್ಲಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಇಂಥ ಕಡೆ ಬಾಯಿ ಹಾಕಬಾರದು. ನಮ್ಮಲ್ಲಿ ಹೆಚ್ಚಿನವರು ಈ ಮೌನ ತಡೆಯಲಾರದೆ ‘ಜಿಎಸ್‌ಟಿ ಕಟ್ಟೋದು ಬಂತಾ?’ ಎಂದು ಉತ್ತರವನ್ನೂ ತಾವೇ ಕೊಟ್ಟುಬಿಡುತ್ತಾರೆ. ಎದುರಿನವರು ‘ಹೂಂ, ಅದೇ’ ಅಂದು ಪಾರಾಗುತ್ತಾರೆ. ಅಲ್ಲಿಂದ ಮುಂದಿನ ಪ್ರಶ್ನೆಗಳೆಲ್ಲ ತಪ್ಪು ದಾರಿಯಲ್ಲಿ ಹೋಗುತ್ತವೆ. ನಾವು ಕಾದೆವು. ಕೊನೆಗೆ ಅವರೇ ಹೇಳಿದರು: ‘ಬ್ಯಾಂಕಿನವರು ಸಿಸಿ ಅಕೌಂಟಲ್ಲಿ ತೆಗೆಯೋ ಮಿತಿ ಇಳಿಸಿದ್ರು.’

ನಾಲ್ಕನೆಯದು: ‘ಯಾವುದನ್ನ ನೋಡಿ ಇಳಿಸಿದ್ರು?’ ಕ್ಯಾಶ್ ಕ್ರೆಡಿಟ್ ಖಾತೆ ಇಟ್ಟವರಿಗೆ ಇದು ಗೊತ್ತಿರುತ್ತದೆ. ಘಟಕದವರು ತಮ್ಮ ಬಳಿ ಇರುವ ಸ್ಟಾಕ್ ಎಷ್ಟು, ಗಿರಾಕಿಗಳಿಂದ ಬರಬೇಕಾದ ಬಾಕಿ ಎಷ್ಟು ಎಂದು ಪ್ರತಿ ತಿಂಗಳು ಬ್ಯಾಂಕಿಗೆ ಪಟ್ಟಿ ಕೊಡಬೇಕು. ಅದರಲ್ಲಿ ಮಾರ್ಜಿನ್ ಕಳೆದು, ಎಷ್ಟು ತೆಗೆಯಬಹುದು ಎಂದು ಬ್ಯಾಂಕ್ ಲೆಕ್ಕ ಹಾಕುತ್ತದೆ. ಇದನ್ನು ಡ್ರಾಯಿಂಗ್ ಪವರ್ ಎನ್ನುತ್ತಾರೆ. ಸಾಮಾನ್ಯವಾಗಿ 90 ದಿನ ದಾಟಿದ ಬಾಕಿಯನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಿಲ್ಲು ಎಷ್ಟೇ ಗಟ್ಟಿ ಇರಲಿ, 91ನೇ ದಿನ ಅದು ಬ್ಯಾಂಕಿನ ಪಾಲಿಗೆ ಇಲ್ಲದಂತೆ. ಅವರ ಪಟ್ಟಿಯಲ್ಲಿ ಹಾಗೆ ಹೊರಗೆ ಬಿದ್ದಿದ್ದು 9 ಲಕ್ಷ. 25 ಪರ್ಸೆಂಟ್ ಮಾರ್ಜಿನ್ ಕಳೆದರೆ ಅವರು ತೆಗೆಯಬಹುದಾಗಿದ್ದ 6.75 ಲಕ್ಷ ರೂಪಾಯಿ ಕೈ ತಪ್ಪಿತ್ತು. ಇಂಗಾಟ್‌ಗೆ ಬೇಕಿದ್ದ ದುಡ್ಡೂ ಹೆಚ್ಚೂ ಕಡಿಮೆ ಅಷ್ಟೇ. ಆ 9 ಲಕ್ಷದ ಬಿಲ್ಲುಗಳೆಲ್ಲ ಯಾರ ಹೆಸರಿನವು? ಅಡ್ವಾನ್ಸ್ ಕೊಡಲ್ಲ ಅನ್ನುತ್ತಿದ್ದ ಅದೇ ಕಂಪನಿಯವು.

ಐದನೇ ಪ್ರಶ್ನೆಯನ್ನು ಯಜಮಾನರಿಗೆ ಕೇಳುವ ಹಾಗಿರಲಿಲ್ಲ. ಅದನ್ನು ನಾವು ಕಂಪನಿಯ ಸ್ಟೋರ್ಸ್‌ಗೆ ಬಂದು ಕೇಳಿದೆವು. ಪರ್ಚೇಸ್ ಆರ್ಡರ್, ಅಂದರೆ ಪಿಓದಲ್ಲಿ 60 ದಿನ ಅಂತಿದೆ, ಬಿಲ್ಲು 90 ದಿನ ದಾಟಿದ್ದು ಹೇಗೆ? ಉತ್ತರ ಲೋಹದೊಳಗೇ ಇತ್ತು. ಡೈಕಾಸ್ಟಿಂಗ್‌ನಲ್ಲಿ ಬ್ಲೋ ಹೋಲ್ ಹೊರಗಿನಿಂದ ಕಾಣುವುದಿಲ್ಲ. ಮೆಷೀನಿಂಗ್ ಮಾಡಿ ಮೇಲಿನ ಪದರ ತೆಗೆದಾಗಲೇ ಒಳಗಿನ ಗುಳಿ ಕಾಣುವುದು. ಕಂಪನಿಯವರು ಮಾಲನ್ನು ಮೆಷೀನಿಂಗ್‌ಗೆ ಹಾಕುತ್ತಿದ್ದುದು ತಮಗೆ ಬೇಕಾದಾಗ, ಕೆಲವೊಮ್ಮೆ ಐದಾರು ವಾರ ಬಿಟ್ಟು. ಅಲ್ಲಿಯವರೆಗೆ ಮಾಲು ಒಪ್ಪಿಕೊಂಡಿದ್ದಕ್ಕೆ ಬರೆಯುವ ಚೀಟಿ, ಅಂದರೆ ಜಿಆರ್‌ಎನ್ ಆಗುತ್ತಿರಲಿಲ್ಲ. ಜಿಆರ್‌ಎನ್ ಆದ ಮೇಲೆ ಅಕೌಂಟ್ಸ್‌ನವರ 60 ದಿನ ಶುರು. ಜೊತೆಗೆ ನೂರರಲ್ಲಿ ಐದಾರು ಪೀಸ್ ಹೋದರೂ ಇಡೀ ಬಿಲ್ಲು ‘ಹೋಲ್ಡ್’. ಯಾರೂ ಬೇಕೆಂದು ಸತಾಯಿಸಿರಲಿಲ್ಲ. ಆದರೆ ಮೂರು ವಿಭಾಗ ಸೇರಿ 60 ದಿನವನ್ನು 100 ದಿನ ಮಾಡಿದ್ದವು. ಕಂಪನಿಯ ಮಾಲೀಕರಿಗೆ ಅದು ಗೊತ್ತೇ ಇರಲಿಲ್ಲ.

ನಿಮ್ಮ ವಿಷಯದಲ್ಲೂ ಇದನ್ನು ಮೊದಲು ನೋಡಿ. ಅವರನ್ನು ಮತ್ತೆ ಮಾತಾಡಿಸುವ ಮುಂಚೆ ಒಂದು ಸಂಜೆ ಕೂತು, ಕಳೆದ ಆರು ತಿಂಗಳ ಅವರ ಪ್ರತಿ ಬಿಲ್ಲಿಗೂ ನಾಲ್ಕು ತಾರೀಖು ಬರೆದುಕೊಳ್ಳಿ: ಮಾಲು ಬಂದಿದ್ದು, ಜಿಆರ್‌ಎನ್ ಆಗಿದ್ದು, ಬಿಲ್ಲು ಪಾಸ್ ಆಗಿದ್ದು, ದುಡ್ಡು ಹೋಗಿದ್ದು. ನಿಮಗೆ ಬರುವುದು ಬಾಕ್ಸು, ಬ್ಲೋ ಹೋಲ್ ಸಮಸ್ಯೆ ಇಲ್ಲ. ಆದರೆ ಪೌಡರ್ ಕೋಟಿಂಗ್ ಶೇಡ್ ಸರಿಯಿಲ್ಲ, ಹಿಂಜ್ ಸರಿ ಕೂತಿಲ್ಲ ಎಂದು ನಾಲ್ಕು ಬಾಕ್ಸಿಗಾಗಿ ನಲವತ್ತು ಬಾಕ್ಸಿನ ಬಿಲ್ಲು ನಿಂತಿರಬಹುದು.

ಇಲ್ಲಿ ಕಾನೂನಿನ ಮಾತೂ ಬರುತ್ತದೆ. ಅವರು ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿದ್ದರೆ, 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ನೀವು ಪಿಓದಲ್ಲಿ ಎಷ್ಟೇ ದಿನ ಬರೆದುಕೊಂಡರೂ ದುಡ್ಡು ಕೊಡಲು ಗರಿಷ್ಠ 45 ದಿನ. ಬರಹದಲ್ಲಿ ಏನೂ ಇಲ್ಲದಿದ್ದರೆ 15 ದಿನ. ಮಾಲು ತಲುಪಿದ 15 ದಿನದೊಳಗೆ ನೀವು ಬರಹದಲ್ಲಿ ಆಕ್ಷೇಪ ಎತ್ತದಿದ್ದರೆ, ಮಾಲು ಬಂದ ದಿನವೇ ಒಪ್ಪಿಕೊಂಡ ಹಾಗೆ. ಅಂದರೆ ನಿಮ್ಮ ಜಿಆರ್‌ಎನ್ ತಡವಾದರೂ ಗಡಿಯಾರ ನಿಲ್ಲುವುದಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಸಾಲದ್ದಕ್ಕೆ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮದಂತೆ, ಆ ಅವಧಿ ಮೀರಿ ಉಳಿಸಿಕೊಂಡ ಬಿಲ್ಲಿನ ಖರ್ಚು, ದುಡ್ಡು ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ನಿಮ್ಮ ಲೆಕ್ಕಕ್ಕೆ ಸಿಗುತ್ತದೆ. ಡೈಕಾಸ್ಟಿಂಗ್ ಯಜಮಾನರಿಗೆ ಉದ್ಯಮ್ ನೋಂದಣಿ ಇತ್ತು. ಅವರು ಆ ಮಾತನ್ನೇ ಎತ್ತಿರಲಿಲ್ಲ. ಎತ್ತಿದರೆ ಮುಂದಿನ ಆರ್ಡರ್ ಬೇರೆಯವರಿಗೆ ಹೋಗುತ್ತದೆ ಎಂಬ ಭಯ. ಬಾಕಿ ಕೇಳಲಾರದವರು ಅಡ್ವಾನ್ಸ್ ಕೇಳಿದ್ದರು.

ಇಷ್ಟು ತಿಳಿದ ಮೇಲೂ ನಾವು ‘ಕಾರಣ ಸಿಕ್ಕಿತು’ ಎಂದು ಎದ್ದು ಬರಲಿಲ್ಲ. ಸರಪಳಿ ಪ್ರಶ್ನೆಗಳ ದೊಡ್ಡ ದೋಷ ಏನೆಂದರೆ, ಕೇಳುವವರು ಎತ್ತ ತಿರುಗಿಸಿದರೆ ಅತ್ತ ತಿರುಗುತ್ತವೆ. ಪ್ರತಿ ಉತ್ತರವೂ ನಂಬುವ ಹಾಗೇ ಇರುತ್ತದೆ, ಕೊನೆಗೆ ಚೆಂದದ ಕಥೆ ಒಂದು ತಯಾರಾಗುತ್ತದೆ. ಹಾಗಾಗಿ ಎರಡು ಪರೀಕ್ಷೆ ಬೇಕು. ಒಂದು ಕಾಗದ. ಬ್ಯಾಂಕಿಗೆ ಕೊಟ್ಟ ಪಟ್ಟಿ ತೋರಿಸಿ ಎಂದು ಕೇಳಬೇಡಿ, ಅದು ಅವರ ಮನೆಯೊಳಗೆ ಇಣುಕಿದ ಹಾಗೆ. ನಿಮ್ಮ ಹತ್ತಿರವೇ ಇರುವ ಬಿಲ್ಲು ತಾರೀಖುಗಳು ಅವರ ಮಾತಿಗೆ ಹೊಂದುತ್ತವಾ ನೋಡಿದರೆ ಸಾಕು. ಇನ್ನೊಂದು, ನಾನು ಹೆಚ್ಚು ನಂಬುವ ಪರೀಕ್ಷೆ: ಹೇಳಿದ ಕಾರಣ ನೀಗಿದರೆ ಬೇಡಿಕೆಯ ಅಂಕಿ ಅಲುಗಾಡುತ್ತದಾ? ನಾವು ಕೇಳಿದ್ದು ಹೀಗೆ: ‘ಜಗಳ ಇರೋದು ಅರವತ್ತು ಸಾವಿರದ ಪೀಸ್‌ಗೆ ಮಾತ್ರ. ಅದನ್ನ ಬಿಟ್ಟು ಉಳಿದ ಎಂಟು ಲಕ್ಷ ನಲವತ್ತು ಸಾವಿರ ಈ ಶುಕ್ರವಾರ ನಿಮ್ಮ ಅಕೌಂಟಿಗೆ ಬಂತು ಅಂದ್ಕೊಳ್ಳಿ. ಆಗ ಅಡ್ವಾನ್ಸ್ ಎಷ್ಟು ಬೇಕು?’

ಅವರು ಕ್ಯಾಲ್ಕುಲೇಟರ್ ತೆಗೆದರು. ‘ಎರಡು ತಿಂಗಳು ಇಪ್ಪತ್ತು ಪರ್ಸೆಂಟ್ ಕೊಡಿ. ಡೀಲರ್ ಉದ್ರಿ ಲೈನ್ ಸರಿ ಆಗ್ಲಿ. ಆಮೇಲೆ ಬೇಡ.’

50 ಇದ್ದದ್ದು 20ಕ್ಕೆ ಬಂತು, ಅದಕ್ಕೊಂದು ಕೊನೆಯ ದಿನವೂ ಬಂತು. ಚೌಕಾಸಿ ಮಾಡದೆ. ಅಂಕಿ ಅಲುಗಾಡಿದರೆ ನೀವು ಮುಟ್ಟಿದ ಕಾರಣ ನಿಜ ಎಂದು ತಿಳಿಯಿರಿ. ಅಲುಗಾಡದಿದ್ದರೆ ಇನ್ನೂ ಏನೋ ಉಳಿದಿದೆ.

ಒಪ್ಪಂದ ಹೀಗಾಯಿತು. ಹಳೇ ಬಾಕಿಯಲ್ಲಿ ತಕರಾರಿಲ್ಲದ ಭಾಗ ಆ ವಾರವೇ ಹೋಯಿತು. ಮುಂದೆ ಮಾಲು ಬಂದ ಕೂಡಲೇ ಅಳತೆ ಮತ್ತು ಹೊರನೋಟದ ತಪಾಸಣೆ ಮಾಡಿ ಜಿಆರ್‌ಎನ್ ಮಾಡುವುದು, 45 ದಿನಕ್ಕೆ ದುಡ್ಡು. ಬ್ಲೋ ಹೋಲ್ ಆಮೇಲೆ ಸಿಕ್ಕಿದರೆ ಆ ಪೀಸ್‌ಗಳಿಗೆ ಡೆಬಿಟ್ ನೋಟ್, ಮುಂದಿನ ಬಿಲ್ಲಲ್ಲಿ ಕಡಿತ. ಆದರೆ ಮಾಲು ಬಂದು 60 ದಿನದ ಮೇಲೆ ರಿಜೆಕ್ಷನ್ ಹೇಳುವಂತಿಲ್ಲ. ಈ ಕೊನೆಯ ಸಾಲಿಗೆ ಕಂಪನಿಯ ಕ್ವಾಲಿಟಿ ವಿಭಾಗ ಬಹಳ ಮುಖ ಸಿಂಡರಿಸಿತು. ಆದರೆ ಅದಿಲ್ಲದೆ ಉಳಿದದ್ದು ನಿಲ್ಲುತ್ತಿರಲಿಲ್ಲ.

ಕಂಪನಿಯ ಕಡೆಗೂ ಇದೇ ಪ್ರಶ್ನೆ ಹಾಕಿದ್ದೆವು. ಅಡ್ವಾನ್ಸ್ ಅಂದರೆ ಇಷ್ಟು ಹೆದರಿಕೆ ಏಕೆ? ಹಿಂದೆ ಯಾರೋ ಅಡ್ವಾನ್ಸ್ ತಗೊಂಡು ಶೆಡ್ ಮುಚ್ಚಿ ಹೋಗಿದ್ದರಂತೆ. ಅಂದರೆ ಅವರ ಸಮಸ್ಯೆ ಬಡ್ಡಿ ಅಲ್ಲ, ದುಡ್ಡು ಮುಳುಗುವ ಭಯ. ಅದಕ್ಕೇ ಆ 20 ಪರ್ಸೆಂಟನ್ನು ಒಟ್ಟಿಗೆ ಕೊಡದೆ, ಡೀಲರ್ ಮುಂಚಿತವಾಗಿ ಕೊಡುವ ಪ್ರೊಫಾರ್ಮಾ ಬಿಲ್ಲು ನೋಡಿ ಲೋಡಿಗೆ ತಕ್ಕಂತೆ ಕೊಡುವುದು ಎಂದಾಯಿತು. ನಿಮ್ಮ ‘ಕೊಡಲ್ಲ’ದ ಹಿಂದೆ ಏನಿದೆ ಎಂದು ನೀವೂ ಕೇಳಿಕೊಳ್ಳಿ, ಮಾತುಕತೆಗೆ ಹೋಗುವ ಮುಂಚೆಯೇ.

ಇನ್ನು ಆ 8 ಪರ್ಸೆಂಟ್. ಇದನ್ನು ಅಡ್ವಾನ್ಸ್ ಜೊತೆ ಸೇರಿಸಿ ಮಾತಾಡಬೇಡಿ. ಎರಡೂ ಒಂದೇ ಉಸಿರಲ್ಲಿ ಬಂದಿದ್ದರೂ ಬೇರು ಬೇರೆ ಇರಬಹುದು. ‘ಅಡ್ವಾನ್ಸ್ ಕೊಡ್ತೀವಿ, ರೇಟ್ ಬಿಡಿ’ ಎಂದು ಅದಲು ಬದಲು ಮಾಡಿದರೆ ರೇಟಿನ ಹಿಂದಿನ ಕಾರಣ ಮುಚ್ಚಿಹೋಗಿ ನಾಲ್ಕು ತಿಂಗಳಿಗೆ ಮತ್ತೆ ಏಳುತ್ತದೆ. ನಾವು ಕೇಳಿದ್ದು, ‘ಯಾವ ಪಾರ್ಟಲ್ಲಿ ಜಾಸ್ತಿ ಹೊಡೆತ?’ ಎಲ್ಲಾ ಐಟಂಗೂ ಎಂದಿದ್ದವರು ಮೂರು ಪಾರ್ಟ್ ನಂಬರ್ ಹೇಳಿದರು. ಮೂರೂ ಇನ್ನೂರು, ಇನ್ನೂರು ಪೀಸಿನ ಲಾಟ್. ಡೈ ಬದಲಾಯಿಸಲು ಗಂಟೆಗಟ್ಟಲೆ ಹಿಡಿಯುತ್ತದೆ. ಡೈ ಬಿಸಿಯಾಗುವವರೆಗೆ ಬಂದ ಮೊದಲ ಶಾಟ್‌ಗಳೆಲ್ಲ ವಾಪಸ್ ಕುಲುಮೆಗೆ. ಎರಡು ಸಾವಿರ ಪೀಸ್ ಇದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲ, ಇನ್ನೂರಕ್ಕೆ ಲಾಭವನ್ನೇ ತಿಂದುಬಿಡುತ್ತದೆ. ಆ ಮೂರಕ್ಕೆ ಮಾತ್ರ ಜಾಸ್ತಿ ಕೇಳಿದರೆ ಪರ್ಚೇಸ್‌ನವರು ಹೋಲಿಸಿ ನೋಡಿ ಆ ಆರ್ಡರನ್ನೇ ಬೇರೆಯವರಿಗೆ ಕೊಡುತ್ತಾರೆ ಎಂದು ಎಲ್ಲದಕ್ಕೂ ಸಮನಾಗಿ ಹಚ್ಚಿದ್ದರು. ಮೂರು ತಿಂಗಳ ಲಾಟ್ ಒಟ್ಟಿಗೆ ಆರ್ಡರ್ ಮಾಡಿದ ಮೇಲೆ ಏರಿಕೆಯ ಮಾತು ಹೋಯಿತು. ನಿಮ್ಮಲ್ಲಾದರೆ ಇದೇ ಪ್ರಶ್ನೆಯನ್ನು ಬಣ್ಣದ ಬಗ್ಗೆ ಕೇಳಿ. ಐದು ಬಾಕ್ಸಿಗೊಂದು ಶೇಡ್ ಅಂದರೆ ಪ್ರತಿ ಸಲ ಕೋಟಿಂಗ್ ಬೂತ್ ಮತ್ತು ಗನ್ ಪೂರ್ತಿ ಕ್ಲೀನ್ ಮಾಡಬೇಕು, ಆ ಹೊತ್ತಿನಲ್ಲಿ ಲೈನ್ ಖಾಲಿ.

ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ಐದು ಎಂಬ ಲೆಕ್ಕ ಹಿಡಿಯಬೇಡಿ. ಇಬ್ಬರಲ್ಲಿ ಒಬ್ಬರು ಏನಾದರೂ ಬದಲಾಯಿಸಬಹುದಾದ ಕಡೆ ಬಂದು ಮುಟ್ಟಿದರೆ ನಿಲ್ಲಿಸಿ. ಅದು ಮೂರನೆಯದೇ ಆಗಿರಬಹುದು. ‘ಸ್ಟೀಲ್ ರೇಟ್ ಯಾಕೆ ಏರಿತು’ ಎಂಬಲ್ಲಿಗೆ ಹೋದರೆ ಒಂದು ಮೆಟ್ಟಿಲು ಜಾಸ್ತಿ ಇಳಿದಿದ್ದೀರಿ, ಅಲ್ಲಿ ನಿಮ್ಮಿಬ್ಬರ ಕೈಯಲ್ಲಿ ಏನೂ ಇಲ್ಲ. ಮಗಳ ಮದುವೆ, ಅಣ್ಣತಮ್ಮಂದಿರ ಪಾಲು ಇಂಥ ಮಾತು ಬಂದರೆ ಅಲ್ಲಿಗೆ ಬಿಡಿ. ಕೇಳಿಸಿಕೊಳ್ಳಿ, ಕೆದಕಬೇಡಿ.

ಸರಿಯಾಗಿ ಕೇಳಿಯೂ ಅಂಕಿ ಅಲುಗಾಡದೆ ಇರಬಹುದು. ಹಳೇ ಬಾಕಿ ಪೂರ್ತಿ ಕೊಟ್ಟರೂ ಅರ್ಧ ಅಡ್ವಾನ್ಸೇ ಬೇಕು, ಲಾಟ್ ದೊಡ್ಡದು ಮಾಡಿದರೂ 8 ಪರ್ಸೆಂಟೇ ಬೇಕು, ಪ್ರತಿ ಸಲ ಹೊಸ ಕಾರಣ. ಹೀಗಾದರೆ ಬಹುಶಃ ಅವರ ಶೀಟ್ ಬಗ್ಗಿಸುವ ಯಂತ್ರ ಪ್ರೆಸ್ ಬ್ರೇಕ್‌ನ ಹೊತ್ತನ್ನು ಇನ್ನೊಬ್ಬ ಗಿರಾಕಿ ಜಾಸ್ತಿ ರೇಟಿಗೆ ಕೇಳುತ್ತಿದ್ದಾರೆ. ಅದರಲ್ಲಿ ಮೋಸ ಏನೂ ಇಲ್ಲ, ವ್ಯಾಪಾರ. ಆಗ ನೇರವಾಗಿ ಕೇಳಿಬಿಡಿ: ‘ನಮ್ಮ ಕೆಲಸ ನಿಮಗೆ ಇನ್ನೂ ಬೇಕಾ? ಯಾವ ಐಟಂ ಇಟ್ಕೊಳ್ತೀರಿ, ಯಾವುದು ಬಿಡ್ತೀರಿ?’ ಬಿಡುವ ಐಟಂಗಳಿಗೆ ಮಾತ್ರ ಬೇರೆಯವರನ್ನು ಹುಡುಕಿ, ಆ ಬದಲಾವಣೆಗೆ ಮೂರು ತಿಂಗಳ ಸಮಯ ಕೊಡಿ. ನಿಮ್ಮ ದುಡ್ಡಲ್ಲಿ ಮಾಡಿಸಿದ ಪಂಚ್, ಡೈ, ಫಿಕ್ಸ್‌ಚರ್ ಅವರ ಶೆಡ್‌ನಲ್ಲಿದ್ದರೆ ಅದರ ಪಟ್ಟಿಗೆ ಇಬ್ಬರೂ ಸಹಿ ಹಾಕಿ. ಈ ಪಟ್ಟಿಯ ಕೆಲಸವನ್ನು ಸಂಬಂಧ ಚೆನ್ನಾಗಿರುವಾಗಲೇ, ಅಂದರೆ ಮೊದಲ ಭೇಟಿಯಲ್ಲೇ ಹಳೇ ಬಾಕಿಯ ಚೆಕ್ ಕೊಡುವ ಹೊತ್ತಿಗೆ ಮುಗಿಸಿಕೊಂಡರೆ ಒಳ್ಳೆಯದು. ಬಾಕಿ ಇಟ್ಟುಕೊಂಡು ಡೈ ವಾಪಸ್ ಕೇಳಿದರೆ ಯಾರೂ ಕೊಡುವುದಿಲ್ಲ.